ಸ್ವಿಚ್ ಆರಿದ ಮೇಲೆ: ಮನೆಗೆಲಸದವರಿಗಾಗಿ ಅಡುಗೆಮನೆಯ ಯಂತ್ರಗಳ ಸೂಚನಾ ಚೀಟಿ

ಎಲ್ಲರಿಗೂ ನಮಸ್ಕಾರ. ಮನೆಗೆಲಸಕ್ಕೆ ಬರುವವರಿಗೆ ಅಡುಗೆಮನೆಯ ಯಂತ್ರಗಳನ್ನು ಒಪ್ಪಿಸುವಾಗ ಅವರ ಕೈಗೆ ಕೊಡಬೇಕಾದ ಚೀಟಿಯಲ್ಲಿ ಏನಿರಬೇಕು ಎಂಬುದರ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಯಂತ್ರದ ಜೊತೆ ಬರುವ ಕೈಪಿಡಿಯೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಕೈಪಿಡಿಯನ್ನು ಬರೆಯುವುದು ಯಂತ್ರವನ್ನು ಕೊಂಡವರಿಗಾಗಿ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಅದು ವಿವರವಾಗಿ ಹೇಳುತ್ತದೆ. ಆದರೆ ನಾಲ್ಕಾರು ಮನೆಗಳಲ್ಲಿ ಕೆಲಸ ಮಾಡುವ ಒಬ್ಬ ಮಹಿಳೆಗೆ ಗುಂಡಿ ಒತ್ತುವುದು ಹೊಸದೇನೂ ಅಲ್ಲ. ಒಂದು ದಿನ ನೋಡಿದರೆ ಅವರಿಗೆ ಅದು ಬಂದುಬಿಡುತ್ತದೆ. ಅವರಿಗೆ ನಿಜವಾಗಿ ತಿಳಿಯಬೇಕಾಗಿರುವುದು ಬೇರೆ: ಈ ಯಂತ್ರದೊಳಗೆ ನಾನು ಯಾವಾಗ ಕೈ ಹಾಕಬಹುದು, ಇದರ ಮೇಲೆ ಒದ್ದೆ ಬಟ್ಟೆ ಯಾವಾಗ ಆಡಿಸಬಹುದು, ಮನೆಯವರು ಇಲ್ಲದ ಹೊತ್ತಿನಲ್ಲಿ ಇದನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗಬಹುದು.

ಯಂತ್ರ ಓಡುತ್ತಿರುವಾಗ ಯಾರೂ ಅದರೊಳಗೆ ಕೈ ಹಾಕುವುದಿಲ್ಲ. ಅದರ ಸದ್ದು, ಅದರ ಬಿಸಿ, ಅದರ ಅಲುಗಾಟವೇ ಎಚ್ಚರಿಸುತ್ತಿರುತ್ತವೆ. ಅಪಾಯವಿರುವುದು ಯಂತ್ರ ನಿಂತ ಮೇಲೆ, ಸ್ವಚ್ಛಗೊಳಿಸುವ ಕೆಲಸ ಶುರುವಾಗುವ ಹೊತ್ತಿನಲ್ಲಿ. ಆಗ ಸದ್ದಿರುವುದಿಲ್ಲ, ಕೈ ಒದ್ದೆಯಾಗಿರುತ್ತದೆ, ಕೆಲಸ ಮುಗಿಸುವ ಅವಸರವಿರುತ್ತದೆ, ಯಂತ್ರಕ್ಕೆ ಕರೆಂಟ್ ಮಾತ್ರ ಇನ್ನೂ ಬರುತ್ತಿರುತ್ತದೆ. ಆದ್ದರಿಂದ ಇಂತಹ ಚೀಟಿಯನ್ನು ‘ಹೇಗೆ ಚಾಲೂ ಮಾಡುವುದು’ ಎಂಬಲ್ಲಿಂದ ಶುರು ಮಾಡದೆ ‘ಹೇಗೆ ಪೂರ್ತಿಯಾಗಿ ಆರಿಸುವುದು’ ಎಂಬಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದಿನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಒಂದು ವಿದ್ಯುತ್ ಯಂತ್ರವನ್ನು ಆರಿಸಲು ಮೂರು ಜಾಗಗಳಿವೆ. ಮೊದಲನೆಯದು ಯಂತ್ರದ ಮೇಲಿರುವ ಗುಂಡಿ ಅಥವಾ ತಿರುಗಿಸುವ ನಾಬ್. ಎರಡನೆಯದು ಗೋಡೆಯ ಸ್ವಿಚ್. ಮೂರನೆಯದು ಪ್ಲಗ್. ಯಂತ್ರದ ಗುಂಡಿಯನ್ನು ಆರಿಸಿದಾಗ ಮೋಟಾರು ನಿಲ್ಲುತ್ತದೆ, ಆದರೆ ಗೋಡೆಯಿಂದ ಯಂತ್ರದ ಒಳಗಿನವರೆಗೂ, ಆ ಗುಂಡಿಯ ಬುಡದವರೆಗೂ ಕರೆಂಟ್ ಬಂದು ನಿಂತಿರುತ್ತದೆ. ಗುಂಡಿಯ ಸಂದಿಯಲ್ಲಿ ನೀರು ಇಳಿದರೆ ಶಾಕ್ ಹೊಡೆಯಲು ಅಷ್ಟು ಸಾಕು. ಗೋಡೆಯ ಸ್ವಿಚ್ಚನ್ನೂ ಆರಿಸಿದರೆ ಸಾಕಲ್ಲವೇ ಎಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಸಾಕು, ಎಲ್ಲ ಸಂದರ್ಭಗಳಲ್ಲಿ ಅಲ್ಲ. ಗೋಡೆಯ ಸ್ವಿಚ್ ಸಾಮಾನ್ಯವಾಗಿ ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ಅದು ಕಡಿಯಬೇಕಾದದ್ದು ಕರೆಂಟ್ ತರುವ ಫೇಸ್ ತಂತಿಯನ್ನು. ವೈರಿಂಗ್ ಮಾಡಿದವರು ತಂತಿಗಳನ್ನು ಅದಲುಬದಲು ಮಾಡಿದ್ದರೆ ಸ್ವಿಚ್ ನ್ಯೂಟ್ರಲ್ ತಂತಿಯನ್ನು ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ, ನೋಡುವವರಿಗೆ ಎಲ್ಲವೂ ಆರಿದಂತೆಯೇ ಕಾಣುತ್ತದೆ, ಒಳಗೆ ಮಾತ್ರ ಫೇಸ್ ಹಾಗೆಯೇ ಇರುತ್ತದೆ. ಹೊರಗಿನಿಂದ ಇದನ್ನು ಕಂಡುಹಿಡಿಯಲು ಮನೆಗೆಲಸದವರಿಗೆ ಯಾವ ದಾರಿಯೂ ಇಲ್ಲ. ಪ್ಲಗ್ ಕಿತ್ತು ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟಾಗ ಮಾತ್ರ ಅನುಮಾನಕ್ಕೆ ಜಾಗವಿರುವುದಿಲ್ಲ.

ಹೀಗಾಗಿ ಚೀಟಿಯಲ್ಲಿ ಯಂತ್ರಗಳ ಬಗೆಗಿನ ಮೊದಲ ಸಾಲು ಇದಾಗಿರಲಿ: ‘ಮೊದಲು ಯಂತ್ರದ ಗುಂಡಿ ಆರಿಸಿ, ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆಯಿರಿ. ಪ್ಲಗ್ ಹೊರಗೆ ಕಾಣಿಸುತ್ತಿದ್ದರೆ ಮಾತ್ರ ಒದ್ದೆ ಬಟ್ಟೆ ಮುಟ್ಟಿಸಿ.’ ಈ ಕ್ರಮಕ್ಕೂ ಕಾರಣವಿದೆ. ಯಂತ್ರ ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಸಾಕೆಟ್ಟಿನೊಳಗೆ ಕಿಡಿ ಹಾರುತ್ತದೆ, ದಿನವೂ ಹೀಗೆ ಮಾಡಿದರೆ ಪಿನ್ನು ಕಪ್ಪಾಗಿ, ಸಾಕೆಟ್ ಸಡಿಲವಾಗಿ, ಕೊನೆಗೆ ಅಲ್ಲಿಯೇ ಬಿಸಿಯೇರಿ ಪ್ಲಾಸ್ಟಿಕ್ ಕರಗುತ್ತದೆ. ಪ್ಲಗ್ ತೆಗೆಯುವಾಗ ಕೈ ಒಣಗಿರಬೇಕು, ಹಿಡಿಯಬೇಕಾದದ್ದು ಪ್ಲಗ್ಗಿನ ಮೈಯನ್ನು, ತಂತಿಯನ್ನಲ್ಲ. ತಂತಿ ಹಿಡಿದು ಎಳೆದರೆ ಪ್ಲಗ್ಗಿನ ಒಳಗಿನ ತಿರುಪಿನಿಂದ ತಂತಿ ಕಳಚಿಕೊಳ್ಳುತ್ತದೆ, ಮೊದಲು ಕಳಚಿಕೊಳ್ಳುವುದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ತಂತಿಯೇ ಆದರೆ ಯಂತ್ರ ಎಂದಿನಂತೆ ಓಡುತ್ತಲೇ ಇರುತ್ತದೆ, ರಕ್ಷಣೆ ಮಾತ್ರ ಹೋಗಿರುತ್ತದೆ. ಮೂರು ಪಿನ್ನಿನ ಹಲವು ಪ್ಲಗ್ಗುಗಳಲ್ಲಿ ಉಳಿದೆರಡಕ್ಕಿಂತ ಉದ್ದವಾಗಿರುವ ಪಿನ್ನು ಅರ್ಥಿನದು. ಪ್ಲಗ್ ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಸಂಪರ್ಕಕ್ಕೆ ಬಂದು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುವಂತೆ ಅದನ್ನು ಉದ್ದ ಮಾಡಿರುತ್ತಾರೆ. ಮೂರು ಪಿನ್ನಿನ ಯಂತ್ರವನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ಮನೆಯಲ್ಲಿ ಈ ಏರ್ಪಾಡೆಲ್ಲ ವ್ಯರ್ಥ. ಅದನ್ನು ಸರಿಪಡಿಸುವುದು ಮನೆಯವರ ಕೆಲಸ. ಅದನ್ನು ಮಾಡದೆ ಚೀಟಿ ಬರೆಯುವುದರಲ್ಲಿ ನ್ಯಾಯವಿಲ್ಲ.

ಈಗ ಮಿಕ್ಸಿಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಮೇಲೆ ಹೇಳಿದ ಎಲ್ಲವೂ ಅದರಲ್ಲಿ ಒಟ್ಟಿಗೆ ಕಾಣಸಿಗುತ್ತದೆ. ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಜಾರಿನಲ್ಲಿ ಗಟ್ಟಿ ಪದಾರ್ಥವನ್ನು ಸ್ವಲ್ಪ ಹೆಚ್ಚಾಗಿಯೇ ತುಂಬಿದ್ದಾರೆ, ನೀರು ಕಡಿಮೆ ಹಾಕಿದ್ದಾರೆ. ನಾಬನ್ನು ಎರಡಕ್ಕೆ ತಿರುಗಿಸಿದ್ದಾರೆ. ಅರ್ಧ ನಿಮಿಷ ಓಡಿದ ಮೇಲೆ ಸದ್ದು ಭಾರವಾಗುತ್ತದೆ, ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ಮೋಟಾರು ಒಂದು ಕ್ಷಣ ಗೊರಗುಟ್ಟಿ ಪೂರ್ತಿ ನಿಂತುಬಿಡುತ್ತದೆ. ಕೆಲಸದವರು ನಾಬನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡುತ್ತಾರೆ, ಜೀವ ಬರುವುದಿಲ್ಲ. ಕರೆಂಟ್ ಹೋಗಿರಬೇಕು ಎಂದುಕೊಂಡು, ನಾಬ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಗಮನಿಸದೆ, ಮುಚ್ಚಳ ತೆಗೆದು ಬೆರಳಿನಿಂದಲೋ ಚಮಚದಿಂದಲೋ ಬ್ಲೇಡಿನ ಸುತ್ತ ಕೆದಕಲು ಹೊರಡುತ್ತಾರೆ.

ಇಲ್ಲಿ ಆಗಿರಬಹುದಾದದ್ದು ಎರಡು. ನಿಜವಾಗಿಯೂ ಕರೆಂಟ್ ಹೋಗಿದ್ದರೆ, ನಾಬ್ ಎರಡರಲ್ಲೇ ಉಳಿದಿದ್ದರೆ, ಕರೆಂಟ್ ಬಂದ ಕ್ಷಣವೇ ಬ್ಲೇಡ್ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಬೆರಳು ಹಿಂದಕ್ಕೆಳೆದುಕೊಳ್ಳಲು ಸಮಯ ಸಿಗುವುದಿಲ್ಲ. ಕರೆಂಟ್ ಇದ್ದು ಮಿಕ್ಸಿ ಮಾತ್ರ ನಿಂತಿದ್ದರೆ, ಅದು ಮೋಟಾರು ಸುಟ್ಟುಹೋಗದಂತೆ ಕಾಪಾಡುವ ಓವರ್‌ಲೋಡ್ ಸ್ವಿಚ್ಚಿನ ಕೆಲಸ. ಹೆಚ್ಚು ಭಾರ ಬಿದ್ದಾಗ ಅದು ತಾನಾಗಿ ಸಂಪರ್ಕ ಕಡಿಯುತ್ತದೆ. ಸಾಮಾನ್ಯವಾಗಿ ಮಿಕ್ಸಿಯ ತಳದಲ್ಲಿ, ಕೆಲವದರಲ್ಲಿ ಹಿಂಬದಿಯಲ್ಲಿ, ಕೆಂಪು ಅಥವಾ ಕಪ್ಪು ಬಣ್ಣದ ಸಣ್ಣ ಗುಂಡಿಯೊಂದು ಹೊರಗೆ ಎದ್ದು ನಿಂತಿರುತ್ತದೆ. ನಾಬ್ ಎರಡರಲ್ಲಿರುವಾಗಲೇ, ಜಾರಿನ ಮುಚ್ಚಳ ತೆರೆದಿರುವಾಗಲೇ ಆ ಗುಂಡಿಯನ್ನು ಒತ್ತಿದರೆ ಅದೇ ಅನಾಹುತ. ಅದೂ ಗುಂಡಿ ಒತ್ತಲೆಂದು ಮಿಕ್ಸಿಯನ್ನು ಓರೆ ಮಾಡಿ ಹಿಡಿದಿರುವಾಗ.

ಚೀಟಿಯಲ್ಲಿ ಈ ಸಂದರ್ಭಕ್ಕೆ ಬರೆಯಬೇಕಾದ ಕ್ರಮ ಹೀಗೆ. ಮಿಕ್ಸಿ ಮಧ್ಯದಲ್ಲಿ ನಿಂತರೆ ಕಾರಣ ಹುಡುಕುವ ಮೊದಲೇ ನಾಬನ್ನು ಸೊನ್ನೆಗೆ ತನ್ನಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ. ಜಾರನ್ನು ಮಿಕ್ಸಿಯಿಂದ ಎತ್ತಿ ಕಟ್ಟೆಯ ಮೇಲಿಡಿ. ಮುಚ್ಚಳ ತೆಗೆಯುವುದು ಇಷ್ಟೆಲ್ಲ ಆದ ಮೇಲೆ. ಸಿಕ್ಕಿಕೊಂಡಿರುವುದನ್ನು ಬೆರಳಿನಿಂದ ಬಿಡಿಸಬೇಡಿ. ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಸೌಟಿನಿಂದ ಸಡಿಲ ಮಾಡಿ. ಅರ್ಧದಷ್ಟನ್ನು ಬೇರೆ ಪಾತ್ರೆಗೆ ತೆಗೆಯಿರಿ, ಸ್ವಲ್ಪ ನೀರು ಸೇರಿಸಿ. ಮೋಟಾರು ತಣಿಯಲು 5ರಿಂದ 10 ನಿಮಿಷ ಬಿಡಿ, ಅಷ್ಟರಲ್ಲಿ ಬೇರೆ ಕೆಲಸ ಮಾಡಿಕೊಳ್ಳಿ. ಆಮೇಲೆ, ಪ್ಲಗ್ ಇನ್ನೂ ಹೊರಗಿರುವಾಗಲೇ ಮಿಕ್ಸಿಯನ್ನು ಓರೆ ಮಾಡಿ ಗುಂಡಿಯನ್ನು ಒತ್ತಿ. ಗುಂಡಿ ಒಳಗೆ ಕೂರದೆ ಮತ್ತೆ ಹೊರಗೆ ಬಂದರೆ ಮೋಟಾರು ಇನ್ನೂ ಬಿಸಿಯಾಗಿದೆ ಎಂದರ್ಥ, ಇನ್ನಷ್ಟು ಹೊತ್ತು ಕಾಯಿರಿ. ಜಾರನ್ನು ಕೂರಿಸಿ, ಮುಚ್ಚಳ ಹಾಕಿ, ನಾಬ್ ಸೊನ್ನೆಯಲ್ಲಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಪ್ಲಗ್ ಹಾಕಿ. ಎರಡನೆಯ ಸಲವೂ ನಿಂತರೆ ಅಥವಾ ಸುಟ್ಟ ವಾಸನೆ ಬಂದರೆ ಅಂದಿಗೆ ಮಿಕ್ಸಿ ಬೇಡ, ಮನೆಯವರಿಗೆ ತಿಳಿಸಿ.

ಇಷ್ಟನ್ನೂ ಬರೆದರೆ ಚೀಟಿ ಉದ್ದವಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಆಗುತ್ತದೆ. ‘ಜಾಗ್ರತೆಯಿಂದ ಬಳಸಿ’ ಎಂದು ಎಲ್ಲ ಯಂತ್ರಗಳಿಗೂ ಸೇರಿಸಿ ಬರೆದ ಒಂದು ಸಾಲಿಗಿಂತ, ನಿಜವಾಗಿ ಕೈ ಕತ್ತರಿಸಬಲ್ಲ ಒಂದು ಯಂತ್ರದ ಬಗ್ಗೆ ಬರೆದ ಹತ್ತು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬುತ್ತೇನೆ.

ಮಿಕ್ಸಿಯಲ್ಲಿ ಬಿಸಿ ಪದಾರ್ಥ ಹಾಕುವುದರ ಬಗ್ಗೆಯೂ ಒಂದು ಮಾತು ಇರಲೇಬೇಕು. ಈಗತಾನೇ ಒಲೆಯಿಂದ ಇಳಿಸಿದ್ದನ್ನು ಜಾರಿಗೆ ಸುರಿದು ಮುಚ್ಚಳ ಬಿಗಿದು ಓಡಿಸಿದರೆ, ಬ್ಲೇಡಿನ ಕಲಕುವಿಕೆಯಿಂದ ಒಮ್ಮೆಲೇ ಬಹಳಷ್ಟು ಆವಿ ಬಿಡುಗಡೆಯಾಗಿ ಒಳಗಿನ ಗಾಳಿಯೂ ಹಿಗ್ಗುತ್ತದೆ, ಮುಚ್ಚಳ ಹಾರಿ ಕುದಿಯುವ ದ್ರವ ಮುಖ ಮತ್ತು ಎದೆಯ ಮೇಲೆ ಚಿಮ್ಮುತ್ತದೆ. ಮುಚ್ಚಳವನ್ನು ಕೈಯಿಂದ ಅದುಮಿ ಹಿಡಿದರೆ ಅಂಗೈಯೂ ಸುಡುತ್ತದೆ. ಜಾರಿನ ಹೊರಮೈ ಮುಟ್ಟಿದರೆ ಉಗುರುಬೆಚ್ಚಗೆ ಅನ್ನಿಸುವಷ್ಟು ತಣಿಯುವವರೆಗೆ ಕಾಯುವುದೊಂದೇ ದಾರಿ. ತಡವಾಗುತ್ತದೆ ಎಂಬ ಕಾರಣಕ್ಕೆ ಮನೆಯವರೇ ಅವಸರಪಡಿಸುವುದುಂಟು. ಹಾಗಾಗಿ ‘ಆರುವವರೆಗೆ ಕಾಯಿರಿ, ತಡವಾದರೆ ಯಾರೂ ಏನೂ ಅನ್ನುವುದಿಲ್ಲ’ ಎಂದು ಚೀಟಿಯಲ್ಲಿ ಬರೆದು, ಆ ಮಾತನ್ನು ಉಳಿಸಿಕೊಳ್ಳಬೇಕು.

ಜಾರನ್ನು ತೊಳೆಯುವ ಬಗೆ. ಬ್ಲೇಡ್ ಇರುವ ಜಾರನ್ನು ನೊರೆ ತುಂಬಿದ ಸಿಂಕಿನಲ್ಲಿ ಇತರ ಪಾತ್ರೆಗಳ ಜೊತೆ ಮುಳುಗಿಸಿ ಇಡಬಾರದು. ನೊರೆಯಡಿಯಲ್ಲಿ ಬ್ಲೇಡ್ ಕಾಣುವುದಿಲ್ಲ, ಇನ್ನೇನೋ ಹುಡುಕುವ ಕೈ ನೇರವಾಗಿ ಅದರ ಮೇಲೆ ಹೋಗುತ್ತದೆ. ಜಾರು ಖಾಲಿಯಾದ ಕೂಡಲೇ, ಒಣಗುವ ಮೊದಲೇ, ಮೂರನೇ ಒಂದು ಭಾಗ ನೀರು ಮತ್ತು ಒಂದೆರಡು ಹನಿ ಪಾತ್ರೆ ಸೋಪು ಹಾಕಿ, ಮುಚ್ಚಳ ಬಿಗಿದು, ಕಡಿಮೆ ವೇಗದಲ್ಲಿ ಕೆಲವು ಸೆಕೆಂಡು ಓಡಿಸಿದರೆ ಬ್ಲೇಡಿನ ಅಡಿಯ ಕೊಳೆಯೂ ಸಡಿಲವಾಗುತ್ತದೆ. ಉಳಿದದ್ದಕ್ಕೆ ಉದ್ದ ಹಿಡಿಯ ಬ್ರಷ್ ಬೇಕು. ಅದನ್ನು ಕೊಡಿಸದೆ ‘ಬ್ಲೇಡಿಗೆ ಬೆರಳು ತಾಗಿಸಬೇಡಿ’ ಎನ್ನುವುದು ಆಚರಿಸಲಾಗದ ಸೂಚನೆಯಾಗುತ್ತದೆ. ಜಾರಿನ ತಳವನ್ನು ಬಹಳ ಹೊತ್ತು ನೀರಿನಲ್ಲಿ ನೆನೆಸಬಾರದು, ಬ್ಲೇಡಿನ ದಂಡದ ಸುತ್ತಲಿನ ಬುಷ್ ಮತ್ತು ವಾಷರ್ ಹಾಳಾಗಿ ನೀರು ಸೋರತೊಡಗುತ್ತದೆ. ತೊಳೆದಿಟ್ಟ ಜಾರನ್ನು ಮಿಕ್ಸಿಯ ಮೇಲೆ ಕೂರಿಸಿ ತಿರುಗಿಸಿದಾಗ ಅಡಿಯಲ್ಲಿ ನೀರು ಅಥವಾ ಕಂದು ಬಣ್ಣದ ತೇವ ಕಾಣಿಸಿದರೆ ಆ ಸೋರಿಕೆ ಶುರುವಾಗಿದೆ ಎಂದರ್ಥ. ಆ ನೀರು ಇಳಿಯುವುದು ಮೋಟಾರಿನ ಮೇಲೆಯೇ ಆದ್ದರಿಂದ ಅಂತಹ ಜಾರನ್ನು ಅಂದೇ ಪಕ್ಕಕ್ಕಿಡಬೇಕು. ಮಿಕ್ಸಿಯ ಮೋಟಾರು ಭಾಗಕ್ಕೆ ನೀರು ಸುರಿಯುವಂತಿಲ್ಲ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು.

ಇನ್ನು ವಿದ್ಯುತ್ ಕೆಟಲ್. ಇದು ಸರಳವಾದ ಯಂತ್ರ. ನೀರು ಕುದಿದ ಮೇಲೆ ತಾನಾಗಿ ಆರುತ್ತದೆ ಎಂಬ ನಂಬಿಕೆಯಿಂದ ಇದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಅದು ತಾನಾಗಿ ಆರುವುದು ಆವಿಯ ಬಲದಿಂದ. ಕುದಿಯುವ ನೀರಿನ ಆವಿ ಒಂದು ಸಣ್ಣ ದಾರಿಯಲ್ಲಿ ಹರಿದು ಸ್ವಿಚ್ಚಿನ ಬಳಿಯಿರುವ ಲೋಹದ ಬಿಲ್ಲೆಯನ್ನು ಬಿಸಿ ಮಾಡುತ್ತದೆ, ಬಿಲ್ಲೆ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ. ಮುಚ್ಚಳ ತೆರೆದಿದ್ದರೆ ಆವಿ ಮೇಲಕ್ಕೆ ಹೋಗಿಬಿಡುತ್ತದೆ, ಬಿಲ್ಲೆಗೆ ತಾಗುವುದಿಲ್ಲ, ಕೆಟಲ್ ಕುದಿಸುತ್ತಲೇ ಇರುತ್ತದೆ. ಆದ್ದರಿಂದ ಇಲ್ಲಿ ಸೂಚನೆ ಎರಡೇ ಮಾತು: ಒಳಗಿನ ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ನೀರು ಇರಲಿ, ಮುಚ್ಚಳ ಪೂರ್ತಿ ಕೂತಿರಲಿ. ಗರಿಷ್ಠ ಗೆರೆ ದಾಟಿದರೆ ಕುದಿಯುವ ನೀರು ಮೂತಿಯಿಂದ ಚಿಮ್ಮಿ ಕೆಳಗಿನ ಪೀಠದ ಮೇಲೆ ಬೀಳುತ್ತದೆ, ಅಲ್ಲಿ ಕರೆಂಟಿನ ಸಂಪರ್ಕವಿದೆ. ಹಾಗೆ ಬಿದ್ದರೆ ಕೆಟಲನ್ನು ಎತ್ತಬಾರದು, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ತೆಗೆದ ಮೇಲೆಯೇ ಎತ್ತಿ, ಪೀಠವನ್ನು ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಕೆಟಲನ್ನು ನಲ್ಲಿಯ ಕೆಳಗೆ ಹಿಡಿದು ಹೊರಗಿನಿಂದ ತೊಳೆಯುವ ಅಭ್ಯಾಸ ಬಹಳ ಕಡೆ ಇದೆ, ಅದನ್ನು ಸ್ಪಷ್ಟವಾಗಿ ಬೇಡವೆನ್ನಬೇಕು. ಒಳಗೆ ಬಿಳಿ ಪದರ ಕಟ್ಟಿದ್ದರೆ ಕೆರೆಯುವುದು ಬೇಡ. ನೀರಿಗೆ ಅಷ್ಟೇ ಪ್ರಮಾಣದ ವಿನೆಗರ್ ಸೇರಿಸಿ ಅರ್ಧ ಕೆಟಲಿನಷ್ಟು ಕುದಿಸಿ, ಆರಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲಿದರೆ ಪದರ ಕಳಚುತ್ತದೆ. ಆಮೇಲೆ ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಬೇಕು.

ಆರಿಸುವ ಕ್ರಮಕ್ಕೆ ಕೆಲವು ಅಪವಾದಗಳಿವೆ. ಅವುಗಳನ್ನು ಹೇಳದೆ ಹೋದರೆ ಒಳ್ಳೆಯ ಸೂಚನೆಯೇ ಹಾನಿ ಮಾಡುತ್ತದೆ. ಇಂಡಕ್ಷನ್ ಒಲೆ ಅಂಥದ್ದೊಂದು. ಅದರ ಗುಂಡಿ ಆರಿಸಿದ ಮೇಲೂ ಒಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಬಿಸಿಯಾದ ಒಳಭಾಗಗಳನ್ನು ತಣಿಸುವುದು ಅದರ ಕೆಲಸ. ಫ್ಯಾನಿನ ಸದ್ದು ನಿಂತ ಮೇಲೆ ಗೋಡೆಯ ಸ್ವಿಚ್ ಆರಿಸಬೇಕು. ಮೇಲಿನ ಗಾಜು ತಾನಾಗಿ ಬಿಸಿಯಾಗುವುದಿಲ್ಲವಾದರೂ ಕುದಿಯುವ ಪಾತ್ರೆಯಿಂದ ಬಿಸಿ ಪಡೆದಿರುತ್ತದೆ. ದೀಪ ಆರಿದ ಮಾತ್ರಕ್ಕೆ ಮುಟ್ಟಬಾರದು. ಆ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಒಲೆಯನ್ನು ಆರಿಸಿ, ಪ್ಲಗ್ ತೆಗೆದು, ಮತ್ತೆ ಬಳಸದೆ ಬಿಡಬೇಕು, ಏಕೆಂದರೆ ಉಕ್ಕಿದ ನೀರು ಆ ಬಿರುಕಿನ ಮೂಲಕ ನೇರವಾಗಿ ಕರೆಂಟಿರುವ ಭಾಗಕ್ಕೆ ಇಳಿಯುತ್ತದೆ.

ಫ್ರಿಜ್ ಇನ್ನೊಂದು. ಅದನ್ನು ಪ್ರತಿದಿನ ಆರಿಸುವ ಪ್ರಶ್ನೆಯೇ ಇಲ್ಲ. ಒಳಗೆ ಪೂರ್ತಿ ಸ್ವಚ್ಛ ಮಾಡುವ ದಿನ ಮಾತ್ರ ಪ್ಲಗ್ ತೆಗೆಯಬೇಕು. ಮತ್ತೆ ಹಾಕುವ ಮೊದಲು 5 ನಿಮಿಷವಾದರೂ ಕಾಯುವುದು ಕಂಪ್ರೆಸರಿಗೆ ಒಳ್ಳೆಯದು. ಮಂಜುಗಡ್ಡೆ ಕಟ್ಟಿದ್ದರೆ ಚಾಕುವಿನಿಂದ ಕೀಳಬಾರದು. ಒಳಗೋಡೆಯ ಹಿಂದೆಯೇ ಅನಿಲದ ನಳಿಕೆ ಹಾದುಹೋಗಿರುತ್ತದೆ, ಇತ್ತೀಚಿನ ಹಲವು ಫ್ರಿಜ್ಜುಗಳಲ್ಲಿ ಆ ಅನಿಲ ಬೆಂಕಿ ಹತ್ತಿಕೊಳ್ಳುವ ಐಸೋಬ್ಯುಟೇನ್ ಆಗಿರುತ್ತದೆ. ಪ್ಲಗ್ ತೆಗೆದು, ಬಾಗಿಲು ತೆರೆದು, ತಾನಾಗಿ ಕರಗಲು ಬಿಡುವುದೇ ಸರಿ.

ಮೂರನೆಯ ಅಪವಾದ ಎಲ್ಲಕ್ಕಿಂತ ಗಂಭೀರವಾದದ್ದು. ಅಡುಗೆಮನೆಗೆ ಕಾಲಿಟ್ಟಾಗ ಅಡುಗೆ ಅನಿಲದ ವಾಸನೆ ಬಂದರೆ, ನಾವು ಇಷ್ಟು ಹೊತ್ತು ಹೇಳಿದ ‘ಸ್ವಿಚ್ ಆರಿಸಿ, ಪ್ಲಗ್ ತೆಗೆಯಿರಿ’ ಎಂಬ ಮಾತೆಲ್ಲ ರದ್ದಾಗುತ್ತದೆ. ಸ್ವಿಚ್ ಹಾಕುವಾಗ ಹುಟ್ಟುವಂತೆಯೇ ಆರಿಸುವಾಗಲೂ ಕಿಡಿ ಹುಟ್ಟುತ್ತದೆ. ಉರಿಯುತ್ತಿರುವ ದೀಪ ಉರಿಯುತ್ತಲೇ ಇರಲಿ, ತಿರುಗುತ್ತಿರುವ ಫ್ಯಾನ್ ತಿರುಗುತ್ತಲೇ ಇರಲಿ, ಎಕ್ಸಾಸ್ಟ್ ಫ್ಯಾನನ್ನಂತೂ ಹಾಕಲೇಬಾರದು. ಸಿಲಿಂಡರಿನ ರೆಗ್ಯುಲೇಟರನ್ನು ಆರಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ಮನೆಯಲ್ಲಿರುವ ಎಲ್ಲರನ್ನೂ ಕರೆದುಕೊಂಡು ಹೊರಗೆ ಬರಬೇಕು. ಮೊಬೈಲಿನಲ್ಲಿ ಮಾತನಾಡುವುದು ಹೊರಗೆ ಬಂದ ಮೇಲೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ, ಕಟ್ಟೆಯ ಕೆಳಗೆ, ಮೂಲೆಗಳಲ್ಲಿ ಶೇಖರವಾಗುತ್ತದೆ. ಮೂಗಿನ ಮಟ್ಟದಲ್ಲಿ ವಾಸನೆ ಕಡಿಮೆಯಾಯಿತೆಂದು ಒಳಗೆ ಹೋಗುವುದು ಸರಿಯಲ್ಲ. ಚೀಟಿಯಲ್ಲಿ ಈ ಭಾಗವನ್ನು ಬೇರೆ ಬಣ್ಣದ ಶಾಯಿಯಲ್ಲಿ, ಎಲ್ಲಕ್ಕಿಂತ ಮೇಲೆ ಬರೆಯುವಂತೆ ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ಕೆಳಗಿರುವ ಎಲ್ಲ ಸೂಚನೆಗಳಿಗೂ ಇದು ವಿರುದ್ಧವಾಗಿದೆ, ಎರಡನ್ನೂ ಒಂದೇ ದನಿಯಲ್ಲಿ ಬರೆದರೆ ಗಾಬರಿಯ ಹೊತ್ತಿನಲ್ಲಿ ಗೊಂದಲವಾಗುತ್ತದೆ.

ಮೈಕ್ರೋವೇವ್ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಲೋಹದ ಪಾತ್ರೆ, ಅಂಚಿಗೆ ಚಿನ್ನದ ಬಣ್ಣದ ಗೆರೆಯಿರುವ ಪಿಂಗಾಣಿ, ಬಿಗಿಯಾಗಿ ಮುಚ್ಚಿದ ಡಬ್ಬಿ, ಸಿಪ್ಪೆಯೊಂದಿಗಿನ ಮೊಟ್ಟೆ, ಇವು ಒಳಗೆ ಹೋಗಬಾರದು. ಏನೂ ಇಡದೆ ಖಾಲಿ ಓಡಿಸಬಾರದು. ಒಳಗೆ ಬೆಂಕಿ ಕಾಣಿಸಿದರೆ ಬಾಗಿಲು ತೆರೆಯಬಾರದು, ತೆರೆದರೆ ಗಾಳಿ ಸಿಕ್ಕಿ ಬೆಂಕಿ ಹೆಚ್ಚುತ್ತದೆ. ಬಾಗಿಲು ಮುಚ್ಚಿಯೇ ಇಟ್ಟು ಸ್ವಿಚ್ ಆರಿಸಿ, ಪ್ಲಗ್ ತೆಗೆದರೆ ಉಸಿರುಗಟ್ಟಿ ಆರುತ್ತದೆ. ಒಣಗಿ ಅಂಟಿದ್ದನ್ನು ಕೆರೆಯುವ ಬದಲು, ಅಗಲವಾದ ಗಾಜಿನ ಬಟ್ಟಲಿನಲ್ಲಿ ನೀರಿಟ್ಟು ಆವಿ ಹಿಡಿಯುವವರೆಗೆ ಬಿಸಿ ಮಾಡಿ, ಬಾಗಿಲು ತೆರೆಯದೆ 5 ನಿಮಿಷ ಬಿಟ್ಟರೆ ಆವಿಯಿಂದ ಎಲ್ಲವೂ ಮೆತ್ತಗಾಗುತ್ತದೆ. ಬಟ್ಟಲಿನಲ್ಲಿ ಒಂದು ಮರದ ಚಮಚ ಇಟ್ಟಿರಬೇಕು. ನುಣುಪಾದ ಬಟ್ಟಲಿನಲ್ಲಿ ಬರೀ ನೀರು ಕುದಿಯುವ ಬಿಸಿಯನ್ನು ಮೀರಿದರೂ ಗುಳ್ಳೆಯೇಳದೆ ನಿಂತಿದ್ದು, ಮುಟ್ಟಿದ ಕೂಡಲೇ ಒಮ್ಮೆಲೇ ಉಕ್ಕಿ ಚಿಮ್ಮಬಹುದು, ಚಮಚ ಅದನ್ನು ತಡೆಯುತ್ತದೆ. ಆಮೇಲೆ ಪ್ಲಗ್ ತೆಗೆದು ಒರೆಸಬೇಕು. ಒಳಗೋಡೆಯಲ್ಲಿರುವ ಅಭ್ರಕದ ಹಾಳೆಯನ್ನು ಕೀಳಬಾರದು, ಅದರ ಮೇಲೆ ಅಂಟಿದ ಆಹಾರವನ್ನು ಮೃದುವಾಗಿ ಒರೆಸಬೇಕು, ಉಳಿದರೆ ಅಲ್ಲಿಯೇ ಕಿಡಿ ಹಾರುತ್ತದೆ. ಹೊರಕವಚ ಬಿಚ್ಚುವುದಂತೂ ಪ್ಲಗ್ ತೆಗೆದ ಮೇಲೂ ಅಪಾಯ. ಒಳಗಿನ ಕೆಪಾಸಿಟರ್ ಜೀವಕ್ಕೆ ಕುತ್ತಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ.

ಅನಾಹುತವಾದರೆ ಏನು ಮಾಡಬೇಕೆಂಬುದು ಚೀಟಿಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚಿರಬಾರದು, ಏಕೆಂದರೆ ಆಗ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ. ಯಾರಿಗಾದರೂ ಶಾಕ್ ಹಿಡಿದಿದ್ದರೆ ಅವರನ್ನು ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ. ವಿದ್ಯುತ್ ಯಂತ್ರದ ಬೆಂಕಿಗೂ ಎಣ್ಣೆಯ ಬೆಂಕಿಗೂ ನೀರು ಹಾಕಬೇಡಿ. ಬಾಣಲೆಯ ಎಣ್ಣೆ ಹೊತ್ತಿದರೆ ಒಲೆ ಆರಿಸಿ, ಲೋಹದ ತಟ್ಟೆ ಮುಚ್ಚಿ, ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ, ಟೂತ್‌ಪೇಸ್ಟ್, ಎಣ್ಣೆ, ಮಂಜುಗಡ್ಡೆ ಹಚ್ಚಬೇಡಿ. ಇದಿಷ್ಟು ಬರೆದರೂ ಮೇನ್ ಸ್ವಿಚ್ ಎಲ್ಲಿದೆ ಎಂಬುದನ್ನು ಬರೆದು ತಿಳಿಸಲಾಗದು. ಮೊದಲ ದಿನವೇ ಕರೆದುಕೊಂಡು ಹೋಗಿ ತೋರಿಸಿ, ಅವರ ಕೈಯಿಂದಲೇ ಒಮ್ಮೆ ಆರಿಸಿ ಹಾಕಿಸಬೇಕು. ಆ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ತಾನಾಗಿ ಬಿದ್ದು ಆರುವ ಸುರಕ್ಷಾ ಸ್ವಿಚ್ ಇದ್ದರೆ, ಅದರ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ, ಅದು ಬೀಳುತ್ತದೆಯೇ ಎಂದು ಮನೆಯವರೇ ಪರೀಕ್ಷಿಸುತ್ತಿರಬೇಕು. ಒಂದು ಯಂತ್ರವನ್ನು ಹಾಕಿದಾಗಲೆಲ್ಲ ಆ ಸ್ವಿಚ್ ಬೀಳುತ್ತಿದ್ದರೆ ಯಂತ್ರದಲ್ಲಿ ಸೋರಿಕೆಯಿದೆ. ಮತ್ತೆ ಮತ್ತೆ ಎತ್ತಿ ಕೆಲಸ ಮುಂದುವರಿಸಬಾರದೆಂದು ಕೆಲಸದವರಿಗೂ ಹೇಳಿರಬೇಕು.

ಚೀಟಿಯ ದನಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬಿರುಕು ಬಿಟ್ಟ ಜಾರು, ಸಡಿಲವಾದ ಪ್ಲಗ್, ಮುಟ್ಟಿದರೆ ಜುಮ್ಮೆನ್ನುವ ಫ್ರಿಜ್ಜಿನ ಬಾಗಿಲು, ಇವು ಮೊದಲು ಗೊತ್ತಾಗುವುದು ದಿನವೂ ಅವುಗಳನ್ನು ಮುಟ್ಟುವ ಕೆಲಸದವರಿಗೆ. ಹೇಳಿದರೆ ನೀನೇ ಒಡೆದೆ ಎನ್ನುತ್ತಾರೆ, ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಭಯವಿದ್ದರೆ ಅವರು ಹೇಳುವುದಿಲ್ಲ, ಆ ಜಾರನ್ನೇ ಬಳಸುತ್ತಿರುತ್ತಾರೆ. ಆದ್ದರಿಂದ ‘ಜುಮ್ಮೆಂದರೆ, ಬಿರುಕು ಕಂಡರೆ, ಸುಟ್ಟ ವಾಸನೆ ಬಂದರೆ, ಕೆಳಗೆ ಬಿದ್ದರೆ, ಆ ಯಂತ್ರವನ್ನು ನಿಲ್ಲಿಸಿ ನಮಗೆ ತಿಳಿಸಿ. ಇದಕ್ಕಾಗಿ ಸಂಬಳದಲ್ಲಿ ಏನನ್ನೂ ಹಿಡಿಯುವುದಿಲ್ಲ’ ಎಂಬ ಸಾಲು ಚೀಟಿಯಲ್ಲಿ ಇರಬೇಕು, ಮತ್ತು ಅದರಂತೆ ನಡೆದುಕೊಳ್ಳಬೇಕು. ಇದನ್ನು ನಾನು ಸೌಜನ್ಯದ ಮಾತಾಗಿ ಹೇಳುತ್ತಿಲ್ಲ. ಮೇಲಿನ ಎಷ್ಟೋ ತಾಂತ್ರಿಕ ಸೂಚನೆಗಳಿಗಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಓದು ಬಾರದವರಿಗೆ ಚೀಟಿಯನ್ನು ಓದಿ ಹೇಳಿದರೆ ಸಾಲದು. ಮಿಕ್ಸಿಯ ಪಕ್ಕದ ಗೋಡೆಯ ಮೇಲೆ ನಾಬ್, ಸ್ವಿಚ್, ಪ್ಲಗ್ ಮೂರರ ಚಿತ್ರವನ್ನು 1, 2, 3 ಎಂದು ಅಂಕಿ ಹಾಕಿ ಅಂಟಿಸಬಹುದು. ಚಿತ್ರ ಬರೆಯಲು ಬಾರದಿದ್ದರೆ ಆಯಾ ಜಾಗದಲ್ಲೇ ಅಂಕಿಯ ಬಿಲ್ಲೆಗಳನ್ನು ಹಚ್ಚಬಹುದು: ನಾಬಿನ ಪಕ್ಕ 1, ಗೋಡೆಯ ಸ್ವಿಚ್ಚಿನ ಮೇಲೆ 2, ಪ್ಲಗ್ಗಿನ ಬೆನ್ನಿಗೆ 3. ಒಂದು ಯಂತ್ರಕ್ಕೆ ಹಚ್ಚಿದ ಮೇಲೆ ಪಕ್ಕದ ಯಂತ್ರದ ಸ್ವಿಚ್ಚಿಗೆ ಬೇರೆ ಬಣ್ಣದ ಬಿಲ್ಲೆ ಬಳಸಬೇಕು, ಇಲ್ಲದಿದ್ದರೆ ಮಿಕ್ಸಿಯೆಂದುಕೊಂಡು ಕೆಟಲಿನ ಸ್ವಿಚ್ಚನ್ನು ಆರಿಸುವ ಸಾಧ್ಯತೆ ಇರುತ್ತದೆ. ಕಾಗದವನ್ನು ಒಲೆಯ ಹತ್ತಿರ ಅಂಟಿಸಬಾರದು. ಸಿಂಕಿನಿಂದ ನೀರು ಸಿಡಿಯದ, ನಿಂತು ಓದಿದರೆ ಕಣ್ಣಿನ ಮಟ್ಟಕ್ಕೆ ಬರುವ ಜಾಗ ಬೇಕು. ಕೆಲಸದವರು ಮನೆಯವರಿಗಿಂತ ಎತ್ತರದಲ್ಲಿ ಕಡಿಮೆಯಿದ್ದರೆ ಅವರ ಕಣ್ಣಿನ ಮಟ್ಟವನ್ನೇ ಹಿಡಿಯಬೇಕು. ಹೊಸ ಯಂತ್ರ ತಂದ ದಿನ, ಅದನ್ನು ಪೆಟ್ಟಿಗೆಯಿಂದ ತೆಗೆದ ಹೊತ್ತಿನಲ್ಲೇ, ಅದರ ಮೂರು ಜಾಗಗಳನ್ನು ಗುರುತಿಸಿ ಚೀಟಿಗೆ ಒಂದು ಸಾಲು ಸೇರಿಸಿ, ಕೆಲಸದವರ ಎದುರಿಗೇ ಒಮ್ಮೆ ಆರಿಸಿ ತೋರಿಸಿ, ಆಮೇಲೆ ಅವರು ತಮ್ಮ ಕೈಯಿಂದ ಆರಿಸುವುದನ್ನು ನಿಂತು ನೋಡಬೇಕು.